ಹಣೆ ಮೇಲಿನ ಕೂದಲಿನ ಗೆರೆ ಕೆಳಗೆ ತರಿಸಬಹುದಾ?

"ವಯಸ್ಸು 23. ಹಣೆ ಚಿಕ್ಕಂದಿನಿಂದಲೂ ಅಗಲ. ಕೂದಲು ಕಸಿ ಮಾಡಿಸಿ ಗೆರೆಯನ್ನು 2 ಸೆಂ.ಮೀ. ಕೆಳಗೆ ತರಿಸಬೇಕು. ಎಷ್ಟು ದಟ್ಟ ಬರುತ್ತೆ, ಖರ್ಚೆಷ್ಟು?"

ಮೊದಲು ಪಿಯುಸಿ ಕಾಲದ ಫೋಟೋ ತೆಗೆದು ನೋಡಿ. ಗೆರೆ ಆಗಲೂ ಅಲ್ಲೇ ಇತ್ತಾ? ಹಿಂದೆ ಸರಿದಿದ್ದರೆ ಅದು ಉದುರುವಿಕೆ, ಲೆಕ್ಕವೇ ಬೇರೆ. ಚರ್ಮದ ಡಾಕ್ಟರ ಹತ್ತಿರ ಟ್ರೈಕೋಸ್ಕೋಪಿ, ಅಂದರೆ ಕೂದಲನ್ನು ದೊಡ್ಡದಾಗಿ ತೋರಿಸುವ ಪರೀಕ್ಷೆ ಮಾಡಿಸಿ. ಗೆರೆಯ ಹಿಂದಿನ ಕೂದಲು ಸಣಕಲಾಗುತ್ತಿದ್ದರೆ ಕಸಿ ಈಗಲೇ ಬೇಡ. ನೆಟ್ಟಿದ್ದು ಮುಂದೆ ಉಳಿಯುತ್ತದೆ, ಹಿಂದಿನದು ಉದುರುತ್ತದೆ, ನಡುವೆ ಬೋಳು ಪಟ್ಟಿ ಕಾಣುತ್ತದೆ. ಆಗ ಮೊದಲು ಔಷಧಿ, ಒಂದು ವರ್ಷ ಕಾದು ನೋಡುವುದು.

ಉದುರುವಿಕೆ ಇಲ್ಲ ಅಂದುಕೊಳ್ಳೋಣ. 15 ಸೆಂ.ಮೀ. ಅಗಲ, 2 ಸೆಂ.ಮೀ. ಇಳಿಕೆ ಅಂದರೆ 30 ಚದರ ಸೆಂ.ಮೀ. ಹಿಂದಲೆಯಿಂದ ಬೇರುಸಹಿತ ತೆಗೆದು ನೆಡುವ ಕೂದಲಿನ ಪುಟ್ಟ ಗೊಂಚಲೇ ಗ್ರಾಫ್ಟ್. ಚದರ ಸೆಂ.ಮೀ.ಗೆ 40 ಗ್ರಾಫ್ಟ್ ಹಿಡಿದರೆ 1,200. ಹುಟ್ಟಿನ ಕೂದಲು ಸುಮಾರು ಅದರ ಎರಡರಷ್ಟು ದಟ್ಟ. ಹಾಗಾಗಿ ಬಾಚಿದಾಗ ಚೆನ್ನಾಗಿ ಕಾಣುತ್ತದೆ, ಒದ್ದೆಯಾದಾಗ ತೆಳುವೇ. ಮುಂದಿನ ಸಾಲಿಗೆ ಒಂಟಿ ಕೂದಲಿನ ಗ್ರಾಫ್ಟೇ ಇಡಬೇಕು, ಇಲ್ಲದಿದ್ದರೆ ಗೊಂಬೆಯ ಕೂದಲಂತಾಗುತ್ತದೆ. ನಾನಾದರೆ 1 ಸೆಂ.ಮೀ.ಗೆ ನಿಲ್ಲಿಸುತ್ತಿದ್ದೆ. ಹಿಂದಲೆಯಿಂದ ತೆಗೆದದ್ದು ಮತ್ತೆ ಅಲ್ಲಿ ಬೆಳೆಯಲ್ಲ, 40ರ ವಯಸ್ಸಿನಲ್ಲಿ ಬೇಕಾಗಬಹುದು ಅಲ್ವಾ?

ಬೆಂಗಳೂರಿನಲ್ಲಿ ಗ್ರಾಫ್ಟ್‌ಗೆ 40 ರೂ. ಅಂದರೆ 48,000, 80 ಅಂದರೆ 96,000. ರೇಟು ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಬದಲಾಗುತ್ತದೆ. ರಂಧ್ರ ಮಾಡುವವರು ಡಾಕ್ಟರೋ ಟೆಕ್ನಿಷಿಯನ್ನೋ ಅಂತ ಕೇಳಿಯೇ ದುಡ್ಡು ಕೊಡಿ.

ನೆಟ್ಟದ್ದು ಮೊದಲ ಎರಡು ತಿಂಗಳಲ್ಲಿ ಹೆಚ್ಚಾಗಿ ಉದುರುತ್ತದೆ, ಗಾಬರಿ ಬೇಡ. ಮೂರು-ನಾಲ್ಕನೇ ತಿಂಗಳಿಗೆ ಮೊಳೆಯುತ್ತದೆ. ಪೂರ್ತಿ ಫಲ ಕಾಣಲು ಒಂದು ವರ್ಷ ಬೇಕು. ಮದುವೆ ಫೋಟೋಗೆ ಅಂತಿದ್ದರೆ ಹಿಂದಿನ ವರ್ಷವೇ ಮಾಡಿಸಿರಬೇಕು.