ಕನ್‌ಕ್ಲೂಷನ್ ಚಾಪ್ಟರ್ ಅಬ್ಸ್‌ಟ್ರಾಕ್ಟ್‌ನ ನಕಲಾಗದಂತೆ ಬರೆಯುವುದು ಹೇಗೆ?

ಪ್ರಶ್ನೆ: ಥೀಸಿಸ್‌ನ ಕೊನೆ ಚಾಪ್ಟರ್ ಬರೆದು ಕೊಟ್ಟೆ. ಗೈಡ್ "ಇದು ಅಬ್ಸ್‌ಟ್ರಾಕ್ಟೇ ಅಲ್ವಾ?" ಅಂತ ವಾಪಸ್ ಕೊಟ್ಟರು. ಫಲಿತಾಂಶ ಅದೇ ಇರುವಾಗ ಬೇರೆ ಏನು ಬರೆಯಲಿ?

ನನಗೂ ಹೀಗೇ ಆಗಿತ್ತು. ಕೈಬರಹದ ಕನ್ನಡವನ್ನು ಕಂಪ್ಯೂಟರ್ ಗುರುತಿಸುವ ಬಗ್ಗೆ ನನ್ನ ಥೀಸಿಸ್. ಅಬ್ಸ್‌ಟ್ರಾಕ್ಟನ್ನೇ ಸ್ವಲ್ಪ ಎಳೆದು ಮೂರು ಪುಟ ಮಾಡಿದ್ದೆ.

ಅಬ್ಸ್‌ಟ್ರಾಕ್ಟ್ ಓದುವವರು ಇನ್ನೂ ಒಳಗೆ ಬಂದಿಲ್ಲ. ಕೊನೆ ಚಾಪ್ಟರಿಗೆ ಬಂದವರು ಉಳಿದದ್ದೆಲ್ಲ ಓದಿದ್ದಾರೆ (ಪರೀಕ್ಷಕರೂ ಓದಿರುತ್ತಾರೆ ಅಂತ ನಂಬೋಣ). ಅವರಿಗೆ ಹಿನ್ನೆಲೆ, ವಿಧಾನ ಮತ್ತೆ ಬೇಡ. ಹಾಗಾಗಿ ಅಬ್ಸ್‌ಟ್ರಾಕ್ಟ್ ಮುಚ್ಚಿಟ್ಟು, ಮೊದಲ ಚಾಪ್ಟರಿನಲ್ಲಿ ನಾನೇ ಎತ್ತಿದ್ದ ಪ್ರಶ್ನೆಗಳನ್ನು ತೆಗೆದುಕೊಂಡೆ. ಒಂದೊಂದಕ್ಕೂ ನೇರ ಉತ್ತರ ಬರೆದೆ.

ಅಬ್ಸ್‌ಟ್ರಾಕ್ಟಿನಲ್ಲಿ "ಒತ್ತಕ್ಷರಗಳಲ್ಲಿ ತಪ್ಪು ಹೆಚ್ಚು" ಅಂತಷ್ಟೇ ಇತ್ತು. ಕೊನೆಯಲ್ಲಿ ಅದು ಹೀಗಾಯಿತು: "ಒತ್ತಕ್ಷರದ ಹೆಚ್ಚಿನ ತಪ್ಪುಗಳು ಅಕ್ಷರ ಗುರುತಿಸುವಾಗ ಆದವಲ್ಲ, ಅದಕ್ಕೂ ಮುಂಚೆ ಸಾಲು ಬೇರ್ಪಡಿಸುವಾಗ ಆದವು. ಕೆಳಗಿಳಿದ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗಿ ಆ ಸಾಲಿನ ಪಾಲಾಗುತ್ತದೆ. 'ಅಕ್ಕ' 'ಅಕ' ಆಗುವುದು ಹೀಗೆ (ಚಾಪ್ಟರ್ 4). ದ, ಧ ಅದಲುಬದಲಾಗುವುದು ಮಾತ್ರ ನಿಜಕ್ಕೂ ಗುರುತಿಸುವ ಹಂತದ ತಪ್ಪು (ಚಾಪ್ಟರ್ 5)." ಎರಡು ಚಾಪ್ಟರ್ ಪಕ್ಕಪಕ್ಕ ಇಟ್ಟಾಗ ಮಾತ್ರ ಹೇಳಬಹುದಾದ ಮಾತು ಇದು.

ಕೊಡುಗೆ ಅಂದರೆ ಇದನ್ನೇ ಇನ್ನೊಮ್ಮೆ ಹೇಳುವುದಲ್ಲ. ಬೇರೆಯವರು ಎತ್ತಿಕೊಂಡು ಬಳಸಬಹುದಾದದ್ದು ಏನಿದೆ? ನನ್ನಲ್ಲಿ ಇದ್ದದ್ದು ಒಂದೇ, ದಾರಿತಪ್ಪಿದ ಒತ್ತನ್ನು ಅದರ ಸಾಲಿಗೆ ಮರಳಿಸುವ ಕ್ರಮ. ಎರಡೇ ವಾಕ್ಯದಲ್ಲಿ ಮುಗಿಸಿದೆ.

ಜಾಸ್ತಿ ಒದ್ದಾಡಿದ್ದು ಮಿತಿಗಳ ಭಾಗದಲ್ಲಿ. "ಸಮಯದ ಅಭಾವದಿಂದ ಹೆಚ್ಚು ಮಾದರಿ ಸಂಗ್ರಹಿಸಲಾಗಲಿಲ್ಲ" ಅಂತ ಬರೆದಿದ್ದೆ. ಗೈಡ್ ನಕ್ಕು, "ಇದು ಮಿತಿಯಲ್ಲ ಕಣಯ್ಯ, ರಜಾ ಅರ್ಜಿ" ಅಂದರು. ಆಮೇಲೆ ಬರೆದದ್ದು: "ಮಾದರಿಗಳೆಲ್ಲ ಗೆರೆ ಹಾಳೆಯ ಮೇಲೆ ಬರೆದವು. ಗೆರೆಯಿಂದಾಗಿ ಸಾಲುಗಳ ನಡುವೆ ಜಾಗ ಉಳಿದಿದೆ. ಬಿಳಿ ಹಾಳೆಯಲ್ಲಿ ಒತ್ತಿನ ತಪ್ಪು ಇನ್ನೂ ಹೆಚ್ಚಬಹುದು. ದ, ಧ ಕುರಿತ ಫಲಿತಾಂಶಕ್ಕೆ ಇದರಿಂದ ಅಷ್ಟಾಗಿ ತೊಂದರೆಯಿಲ್ಲ." ಯಾವ ಮಾತು ಸಡಿಲ, ಎತ್ತ ಕಡೆಗೆ ಸಡಿಲ ಅನ್ನುವುದು ಗೊತ್ತಾಗಬೇಕು. ವೈವಾದಲ್ಲಿ ಕೇಳುವುದೂ ಅದನ್ನೇ.

ಮಿತಿ ಹೀಗೆ ಬರೆದರೆ ಮುಂದಿನ ಕೆಲಸ ತಾನಾಗೇ ಸಿಗುತ್ತದೆ. ನನ್ನದರಲ್ಲಿ ಮೊದಲನೆಯದು, ಬಿಳಿ ಹಾಳೆಯ ಹಳೇ ಪತ್ರಗಳ ಮೇಲೆ ಸಾಲು ಬೇರ್ಪಡಿಸುವ ಹಂತವನ್ನಷ್ಟೇ ಪರೀಕ್ಷಿಸುವುದು. "ಬೇರೆ ಭಾರತೀಯ ಭಾಷೆಗಳಿಗೂ ವಿಸ್ತರಿಸಬಹುದು" ಅಂತ ಸುಮ್ನೆ ಸೇರಿಸಿದ್ದ ವಾಕ್ಯ ಹೊಡೆದುಹಾಕಿ, ತೆಲುಗು ಒಂದನ್ನೇ ಉಳಿಸಿಕೊಂಡೆ. ಅಲ್ಲೂ ಒತ್ತು ಕೆಳಗೆ ಇಳಿಯುತ್ತದೆ. ತಮಿಳಿನಲ್ಲಿ ಆ ತಾಪತ್ರಯವೇ ಇಲ್ಲ.

ಒಂದು ಎಚ್ಚರಿಕೆ. ಕೊನೆ ಗಳಿಗೆಯಲ್ಲಿ ಸಿಕ್ಕ ಹೊಸ ಟೇಬಲ್ಲನ್ನು ಇಲ್ಲಿ ತುರುಕಬೇಡಿ, ಅದರ ಜಾಗ ಫಲಿತಾಂಶದ ಚಾಪ್ಟರ್. ಆಮೇಲೆ ಅಬ್ಸ್‌ಟ್ರಾಕ್ಟ್, ಕೊನೆ ಚಾಪ್ಟರ್ ಎರಡನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಡಿ. ಇಲ್ಲಿನ ಯಾವ ವಾಕ್ಯ ಅಬ್ಸ್‌ಟ್ರಾಕ್ಟಿನೊಳಗೆ ಹಾಗೇ ಕೂರುತ್ತದೋ ಅದಕ್ಕೆ ಪೆನ್ಸಿಲ್ ಗುರುತು ಹಾಕಿ. ನನ್ನ ಮೊದಲ ಪ್ರತಿಯಲ್ಲಿ ಗುರುತು ಬೀಳದ ವಾಕ್ಯ ಎರಡೋ ಮೂರೋ ಇದ್ದವು.