ಮೂಗು ಎಲ್ಲಿ ಹೋಯಿತು?

“ಸರ್, ಮುಖದ ನೆರಳಿನೊಳಗೆ ಕಾಡು ಕಾಣುವ ಡಬಲ್ ಎಕ್ಸ್‌ಪೋಷರ್ ಚಿತ್ರ ಮಾಡುವ ಬಗ್ಗೆ ಲೇಖನ ಕಳಿಸಿದ್ದೇನೆ. ಜೊತೆಗಿರುವ ಚಿತ್ರ ನನ್ನದೇ. ಮಲ್ಪೆಯಲ್ಲಿ ತೆಗೆದ ತಂಗಿಯ ಫೋಟೋ, ಒಳಗೆ ಆಗುಂಬೆಯ ಕಾಡು. ಪ್ರಕಟಿಸಬಹುದಾ?”

ತಂಗಿಯ ಫೋಟೋ ಚೆನ್ನಾಗಿದೆ, ಹಣೆಯಿಂದ ಗಲ್ಲದವರೆಗೆ ಗೆರೆ ಚೂಪಾಗಿ ಬಂದಿದೆ. ಭಾಷೆಯೂ ಪರವಾಗಿಲ್ಲ. ಆದರೆ ಎರಡನೇ ಪುಟ ಓದಿ ಸಿಟ್ಟು ಬಂತು ಮಾರಾಯ್ರೆ.

“ಕಾಡಿನ ಫೋಟೋ ಮೇಲಿಟ್ಟು Opacity 50 ಮಾಡಿದರೆ ಮುಗಿಯಿತು” ಅಂತ ಬರೆದಿದ್ದೀರಿ. ಮುಗಿಯಲ್ಲ. ಹಾಗೆ ಮಾಡಿದರೆ ಬರುವುದು ಎರಡು ಚಿತ್ರಗಳ ಸರಾಸರಿ. ಕಪ್ಪು 0, ಬಿಳಿ 255 ಅಂತ ಇಟ್ಟುಕೊಳ್ಳಿ. ಹಿಂದಿನ ಆಕಾಶ 255, ಅದರ ಮೇಲೆ ಬಿದ್ದ ಮರ 45, ಸರಾಸರಿ 150. ಅಂದರೆ ಮರ ಮುಖದ ಹೊರಗೂ ಕಾಣುತ್ತದೆ. ಮುಖದ ಕಪ್ಪು 15, ಅಲ್ಲಿಗೆ ಬಂದ ಕಾಡಿನ ಬೆಳಕು 245, ಸರಾಸರಿ 130. ಎಲ್ಲಾ ಬೂದು. ಚಿತ್ರ ಮಂಕಾಗಿದ್ದಕ್ಕೆ ನೀವು ಮಳೆಗಾಲವನ್ನು ಬೈದಿದ್ದೀರಿ, ಪಾಪ, ಅದರದ್ದೇನೂ ತಪ್ಪಿಲ್ಲ.

ಫಿಲ್ಮಿನಲ್ಲಿ ಬೆಳಕಿನ ಮೇಲೆ ಬೆಳಕು ಸೇರುತ್ತಾ ಹೋಗುತ್ತದೆ. ನಾನು ಉಡುಪಿಯ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿಯುವಾಗ, ಕ್ಯಾಮೆರಾದ ಅಡಿಯ ರಿವೈಂಡ್ ಗುಂಡಿ ಒತ್ತಿಕೊಂಡೇ ಲಿವರ್ ಎಳೆಯುತ್ತಿದ್ದೆವು, ಶಟರ್ ಮತ್ತೆ ತಯಾರಾಗುತ್ತಿತ್ತು, ಫಿಲ್ಮ್ ಅಲ್ಲೇ ನಿಲ್ಲುತ್ತಿತ್ತು. ಒಂಚೂರು ಜಾರುತ್ತಿತ್ತು ಅನ್ನಿ, ಅದಕ್ಕೆ ಮೇಲಿನ ರಿವೈಂಡ್ ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕಿತ್ತು. ಯಜಮಾನರು ಹೇಳುತ್ತಿದ್ದರು, “ಕಪ್ಪು ಇದ್ದಲ್ಲಿ ಮಾತ್ರ ಜಾಗ ಉಂಟು, ಬಿಳಿ ಆಗಲೇ ತುಂಬಿದೆ.” ಕಂಪ್ಯೂಟರಿನಲ್ಲಿ ಇದಕ್ಕೆ ಹತ್ತಿರದ ಕೆಲಸ ಮಾಡುವುದು ಮೇಲಿನ ಚಿತ್ರವನ್ನು ಕೆಳಗಿನದರೊಂದಿಗೆ ಬೆರೆಸುವ Screen ಎಂಬ ಬ್ಲೆಂಡ್ ಮೋಡ್. Opacity 100ರಲ್ಲೇ ಬಿಟ್ಟು ಅದನ್ನು ಹಾಕಿ. ಆಕಾಶದ 255 ಹಾಗೇ ಉಳಿಯುತ್ತದೆ, ಮುಖದೊಳಗೆ ಮರ ಸುಮಾರು 57, ಬೆಳಕು 246. ಆದರೆ ಆಕಾಶ ನಿಜಕ್ಕೂ ಬಿಳಿ ಇರಬೇಕು. ಮಲ್ಪೆಯ ಮೋಡವನ್ನು ಕ್ಯಾಮೆರಾ ತನ್ನಷ್ಟಕ್ಕೆ ಬೂದು ಮಾಡುತ್ತದೆ, ಎರಡು ಸ್ಟಾಪ್ ಜಾಸ್ತಿ ಬೆಳಕು ಕೊಟ್ಟು ತೆಗೆಯಿರಿ. ಆಗ ಮುಖ ಸ್ವಲ್ಪ ತೆಳುವಾಗುತ್ತದೆ, ಅದನ್ನು ಆಮೇಲೆ Levelsನಲ್ಲಿ ಕಪ್ಪು ಮಾಡಿಕೊಳ್ಳಬಹುದು.

ಇನ್ನೊಂದು ಸಾಲು, “ಯಾವ ಕಾಡಾದರೂ ನಡೆಯುತ್ತದೆ.” ಎಲ್ಲಿ ನಡೆಯುತ್ತದೆ? ನಿಮ್ಮ ಆಗುಂಬೆ ಫೋಟೋವನ್ನು ನಾನೇ Screenಗೆ ಹಾಕಿ ನೋಡಿದೆ. ಎಲೆಯ ಹಿಂದೆ ಎಲೆ, ಒಂದು ಮರದ ಆಕಾರವೂ ಬಿಡಿಯಾಗಿ ಕಾಣುವುದಿಲ್ಲ. ಇದ್ದ ಒಂದೇ ಒಂದು ಆಕಾಶದ ಕಿಂಡಿ ಸೀದಾ ಮೂಗಿನ ತುದಿಗೆ ಬಿತ್ತು, ಬಿಳಿಗೆ ಬಿಳಿ ಸೇರಿ ಮೂಗೇ ಮಾಯ! ಹಣೆ, ಮೂಗು, ತುಟಿ, ಗಲ್ಲದ ಅಂಚಿಗೆ ಕಾಡಿನ ದಟ್ಟ ಭಾಗವೇ ಬರಬೇಕು. ನೆತ್ತಿಗೆ ಆಕಾಶ ಬಂದರೆ ಒಳ್ಳೆಯದೇ, ಅಲ್ಲಿ ತಲೆಯ ಗೆರೆ ಕರಗಿ ಕೊಂಬೆಗಳೇ ತಲೆಯ ಆಕಾರ ಕೊಡುತ್ತವೆ. ಇದಕ್ಕೆ ಆಗುಂಬೆ ತನಕ ಹೋಗಬೇಕಾಗಿಲ್ಲ. ಅಡಿಕೆ ತೋಟದ ಹೊರಗೆ ನಿಂತು ಅಂಚಿನ ಮರಗಳನ್ನು ಆಕಾಶದ ಎದುರು ತೆಗೆಯಿರಿ, ಕೆಳಗೆ ದಟ್ಟ, ಮೇಲೆ ಬಿಡಿ ಬಿಡಿ ಸೋಗೆ, ಎರಡೂ ಒಂದೇ ಫ್ರೇಮಿನಲ್ಲಿ ಸಿಗುತ್ತದೆ.

‘ಮನದೊಳಗಿನ ಕಾನನ’ ಅನ್ನುವ ಪ್ಯಾರಾ ತೆಗೆದುಹಾಕಿದ್ದೇನೆ. ಚಿತ್ರ ಮತ್ತೆ ಮಾಡಿ, ಎರಡು ಮೂಲ ಫೋಟೋಗಳ ಜೊತೆ ಕಳಿಸಿ. ಮೂರನ್ನೂ ಪಕ್ಕಪಕ್ಕ ಹಾಕೋಣ.