ಗಿರಣಿಯ ಪುಲ್ಲಿ, ಬೆಲ್ಟಿನ ಉದ್ದ ಮತ್ತು ರೇಡಿಯನ್ ಲೆಕ್ಕ

ಪ್ರಶ್ನೆ: ನಮ್ಮ ಹಿಟ್ಟಿನ ಗಿರಣಿಗೆ ಹೊಸ ಬೆಲ್ಟ್ ತರಬೇಕು. ಮೋಟಾರ್ ಪುಲ್ಲಿ 100 ಮಿ.ಮೀ., ಗಿರಣಿ ಪುಲ್ಲಿ 250 ಮಿ.ಮೀ., ಎರಡರ ಕೇಂದ್ರಗಳ ನಡುವೆ 600 ಮಿ.ಮೀ. s = rθ ಹಾಕಿದ್ರೆ ಚಿಕ್ಕ ಪುಲ್ಲಿಗೇ 8 ಮೀಟರ್ ಬರ್ತಿದೆ! ಇನ್ನೊಂದು, ಬೆಲ್ಟ್ ಒಂದೇ ಅಂದ್ಮೇಲೆ ಎರಡರ ಕೋನೀಯ ವೇಗವೂ ಒಂದೇ ಅಲ್ವಾ?

ಉತ್ತರ:

ನೀವು θ ಜಾಗದಲ್ಲಿ ಡಿಗ್ರಿ ಹಾಕಿದ್ದೀರಿ. 50 ಮಿ.ಮೀ. ತ್ರಿಜ್ಯವನ್ನು ಬೆಲ್ಟ್ ಸುತ್ತುವ ಕೋನ 165.6 ಡಿಗ್ರಿಯಿಂದ ಗುಣಿಸಿದರೆ ನಿಮ್ಮ 8 ಮೀಟರ್ ಬಂದೇ ಬರುತ್ತದೆ. ಆ ಸೂತ್ರ ನಡೆಯುವುದು ರೇಡಿಯನ್‌ನಲ್ಲಿ ಮಾತ್ರ.

ಒಂದು ದಾರ ತೆಗೆದುಕೊಳ್ಳಿ. ಮೋಟಾರ್ ನಿಲ್ಲಿಸಿ, ಮೇನ್ ಸ್ವಿಚ್ ತೆಗೆದು, ಬೆಲ್ಟ್ ತಾಗುವ ಕಡೆಯಿಂದ ಬಿಡುವ ಕಡೆಯವರೆಗೆ ಚಿಕ್ಕ ಪುಲ್ಲಿಯ ಮೇಲೆ ದಾರ ಸುತ್ತಿ ಕತ್ತರಿಸಿ. ಅದನ್ನು ಸ್ಕೇಲಿನ ಮೇಲೆ ಇಟ್ಟರೆ 145 ಮಿ.ಮೀ. ಆಸುಪಾಸು ಬರುತ್ತದೆ. ಅದರಲ್ಲಿ 50 ಮಿ.ಮೀ. ತ್ರಿಜ್ಯ ಎಷ್ಟು ಸಲ ಹಿಡಿಯುತ್ತದೆ? ಸುಮಾರು 2.89 ಸಲ. ಆ 2.89 ಅನ್ನುವುದೇ ರೇಡಿಯನ್‌ನಲ್ಲಿ ನಿಮ್ಮ ಕೋನ. ಕಂಸವನ್ನು ತ್ರಿಜ್ಯದಿಂದಲೇ ಅಳೆದ ಮೇಲೆ ಅದನ್ನು ಮತ್ತೆ ತ್ರಿಜ್ಯದಿಂದ ಗುಣಿಸಿದರೆ ಕಂಸವೇ ಸಿಗಬೇಕಲ್ಲ, ಸೂತ್ರದಲ್ಲಿರುವುದು ಇಷ್ಟೇ.

ದಾರವಿಲ್ಲದೆ ಲೆಕ್ಕದಲ್ಲೇ ಹೀಗೆ ಬರುತ್ತದೆ. ತ್ರಿಜ್ಯಗಳ ವ್ಯತ್ಯಾಸ 75, ಅದನ್ನು 600ರಿಂದ ಭಾಗಿಸಿದರೆ 0.125. ಕ್ಯಾಲ್ಕುಲೇಟರನ್ನು RAD ಮೋಡಿಗೆ ಹಾಕಿ ಇದರ sin⁻¹ ತೆಗೆದರೆ 0.1253, ಎರಡರಷ್ಟು 0.251. ಚಿಕ್ಕ ಪುಲ್ಲಿಗೆ ಇದನ್ನು π ಯಿಂದ ಕಳೆಯಿರಿ: 2.891. ದೊಡ್ಡದಕ್ಕೆ ಕೂಡಿಸಿ: 3.392. ಕಂಸಗಳು 144.5 ಮತ್ತು 424 ಮಿ.ಮೀ. ನಡುವಿನ ನೇರ ತುಂಡು ಒಂದೊಂದೂ √(600² − 75²), ಅಂದರೆ 595.3 ಮಿ.ಮೀ. ಎಲ್ಲ ಸೇರಿ 1759 ಮಿ.ಮೀ. ತಪ್ಪಾಗಿದೆಯೇ ಅಂತ ನೋಡಲು ಒಂದು ಉಪಾಯವಿದೆ. ಬೆಲ್ಟ್ ಅಡ್ಡ ಹಾಯದೆ ನೇರವಾಗಿ ಸುತ್ತಿದ್ದರೆ ಚಿಕ್ಕ ಪುಲ್ಲಿಯ ಕಂಸ ಅದರ ಅರ್ಧ ಸುತ್ತಳತೆಯನ್ನು, ಇಲ್ಲಿ 157 ಮಿ.ಮೀ.ಯನ್ನು, ದಾಟಲಾರದು.

ಅಂಗಡಿಯಲ್ಲಿ 1759 ಅಂತ ಕೇಳಬೇಡಿ. A ಗಾತ್ರದ ವಿ-ಬೆಲ್ಟಿನ ಮೇಲೆ ಅಚ್ಚಾಗಿರುವ ಅಂಕಿ ಒಳಸುತ್ತಿನ ಇಂಚು. ನಮ್ಮ ಲೆಕ್ಕ ಬೆಲ್ಟಿನ ಒಳಗೆ ಹುರಿ ಓಡುವ ಮಟ್ಟದ್ದು, ಒಳಸುತ್ತು ಅದಕ್ಕಿಂತ 30–35 ಮಿ.ಮೀ. ಕಡಿಮೆ. ಹಾಗಾಗಿ ನಿಮಗೆ A68 ಹತ್ತಿರ ಬರುತ್ತದೆ, ಉಳಿದ ಸಣ್ಣ ವ್ಯತ್ಯಾಸವನ್ನು ಮೋಟಾರ್ ಬೇಸಿನ ಉದ್ದ ತೂತಿನಲ್ಲಿ ಸರಿಸಿ ಬಿಗಿ ಮಾಡಿಕೊಳ್ಳಬಹುದು. ನಿಮ್ಮ 100, 250 ಪುಲ್ಲಿಯ ಹೊರ ಅಂಚಿನ ಅಳತೆಯಾಗಿದ್ದರೆ ಹುರಿಯ ಮಟ್ಟದ ವ್ಯಾಸ ಕೆಲವು ಮಿ.ಮೀ. ಕಡಿಮೆ ಇರುತ್ತದೆ. ಕೊಳ್ಳುವ ಮುಂಚೆ ಇದನ್ನು ದಯವಿಟ್ಟು ನೋಡಿಕೊಳ್ಳಿ, ಸಾಧ್ಯವಾದರೆ ಹಳೇ ಬೆಲ್ಟನ್ನೇ ಜೊತೆಗೆ ಒಯ್ಯಿರಿ.

ಇನ್ನು ಪಕ್ಕಕ್ಕೆ ತಗಡಿನ ಮುಚ್ಚಳ ಮಾಡಿಸುವುದಾದರೆ (ಇಲ್ಲದಿದ್ದರೆ ಮಾಡಿಸಿಯೇ ಬಿಡಿ, ಸೆರಗು ಸಿಕ್ಕಿಕೊಳ್ಳುವ ಜಾಗ ಅದು) ತ್ರಿಜ್ಯಾಂತರ ಖಂಡದ ವಿಸ್ತೀರ್ಣ ½r²θ ಬೇಕಾಗುತ್ತದೆ. ಸುತ್ತಲೂ 25 ಮಿ.ಮೀ. ಬಿಟ್ಟರೆ ತ್ರಿಜ್ಯಗಳು 75 ಮತ್ತು 150. ವ್ಯತ್ಯಾಸ ಮತ್ತೆ 75ರಷ್ಟೇ ಆದ್ದರಿಂದ ಕೋನಗಳು ಬದಲಾಗುವುದಿಲ್ಲ. ಎರಡು ಖಂಡಗಳು ಸುಮಾರು 8,130 ಮತ್ತು 38,160 ಚದರ ಮಿ.ಮೀ., ನಡುವಿನ ಭಾಗ 225 × 595.3. ಒಟ್ಟು 0.18 ಚದರ ಮೀಟರ್ ತಗಡು.

ಕೋನೀಯ ವೇಗ ಎರಡಕ್ಕೂ ಒಂದೇ ಅಲ್ಲ. ಒಂದೇ ಆಗಿರುವುದು ಬೆಲ್ಟಿನ ವೇಗ. ಮೋಟಾರ್ ನಿಮಿಷಕ್ಕೆ 1440 ಸುತ್ತಿನದು ಅಂತಿಟ್ಟುಕೊಳ್ಳೋಣ. ಒಂದು ಸುತ್ತಿಗೆ 2π ರೇಡಿಯನ್, ಹಾಗಾಗಿ 1440 × 2π ÷ 60 = ಸೆಕೆಂಡಿಗೆ 150.8 ರೇಡಿಯನ್. ಇದನ್ನು 0.05 ಮೀಟರಿನಿಂದ ಗುಣಿಸಿದರೆ ಬೆಲ್ಟ್ ಸೆಕೆಂಡಿಗೆ 7.54 ಮೀಟರ್ ಓಡುತ್ತದೆ. ದೊಡ್ಡ ಪುಲ್ಲಿಯ ಅಂಚೂ ಅದೇ 7.54ರಲ್ಲಿ ಹೋಗಬೇಕು, ಅದರ ತ್ರಿಜ್ಯ 0.125 ಮೀಟರ್, ಆದ್ದರಿಂದ ಅದರ ಕೋನೀಯ ವೇಗ 60.3 ಮಾತ್ರ. ನಿಮಿಷಕ್ಕೆ ಎಷ್ಟು ಸುತ್ತು ಅಂತ ಲೆಕ್ಕ ಹಾಕಿದರೆ 576.

ಇದು ಬೆಲ್ಟ್ ಸ್ವಲ್ಪವೂ ಜಾರದಿದ್ದರೆ ಬರುವ ಅಂಕಿ. ನಾನು ಗಿರಣಿ ರಿಪೇರಿಗೆ ಹೋದಾಗ ಮೊದಲು ನೋಡುವುದು ಇದನ್ನೇ: ಕಾಳು ಹಾಕಿ, ಟ್ಯಾಕೋಮೀಟರ್ ಹಿಡಿದು ಗಿರಣಿ ಪುಲ್ಲಿಯ ಸುತ್ತು ಓದುತ್ತೇನೆ. ಮೋಟಾರ್ 1440ರಲ್ಲೇ ಇದ್ದು ಅಲ್ಲಿ 540 ತೋರಿಸಿದರೆ ದೊಡ್ಡ ಪುಲ್ಲಿಯ ಅಂಚು 7.07 ಮೀಟರಿನಲ್ಲಿ ಹೋಗುತ್ತಿದೆ, ಸೆಕೆಂಡಿಗೆ ಹತ್ತಿರ ಹತ್ತಿರ ಅರ್ಧ ಮೀಟರ್ ಜಾರುತ್ತಿದೆ ಅಂತ ಅರ್ಥ. ಹೆಚ್ಚಾಗಿ ಜಾರುವುದು ಚಿಕ್ಕ ಪುಲ್ಲಿಯಲ್ಲೇ, ಹಿಡಿತಕ್ಕೆ ಸಿಗುವ ಕೋನ ಅಲ್ಲೇ ಕಡಿಮೆ. ಜಾಗ ಉಳಿಸಲು ಮೋಟಾರನ್ನು ಹತ್ತಿರ ತಂದು 600 ಇದ್ದ ಅಂತರವನ್ನು 250 ಮಿ.ಮೀ.ಗೆ ಇಳಿಸಿದರೆ 2.89 ಇದ್ದ ಕೋನ 2.53ಕ್ಕೆ ಇಳಿಯುತ್ತದೆ, ಹಿಡಿತ ಇನ್ನೂ ಸಡಿಲ. ನಿಮ್ಮ 600 ಚೆನ್ನಾಗಿದೆ, ಅದನ್ನು ಬದಲಿಸಬೇಡಿ. ಹೊಸ ಬೆಲ್ಟ್ ಹಾಕಿ ಒಂದೆರಡು ದಿನ ಓಡಿಸಿದ ಮೇಲೆ ಚಿಕ್ಕ ಪುಲ್ಲಿಯ ಕೆಳಗೆ ಕಪ್ಪು ರಬ್ಬರ್ ಪುಡಿ ಬಿದ್ದಿದೆಯೇ ನೋಡಿ, ಬಿದ್ದಿದ್ದರೆ ಮೋಟಾರನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ಬಿಗಿ ಮಾಡಿ.